‘ಪಬ್ಲಿಕ್ ಕ್ಲೌಡ್‌’ನಲ್ಲಿಟ್ಟ ನಿಮ್ಮ ರಕ್ತಪರೀಕ್ಷೆಯ ವರದಿ ಎಲ್ಲರಿಗೂ ಕಾಣುತ್ತದೆಯೇ?

ಆಗಾಗ ಗ್ರೂಪ್‌ಗಳಲ್ಲಿ ಇಂಥದ್ದೊಂದು ಸಂದೇಶ ಓಡಾಡುತ್ತದೆ: ‘ಆಸ್ಪತ್ರೆ, ಬ್ಯಾಂಕು, ಲ್ಯಾಬ್‌ಗಳು ನಿಮ್ಮ ಮಾಹಿತಿಯನ್ನು ಪಬ್ಲಿಕ್ ಕ್ಲೌಡ್‌ನಲ್ಲಿ ಇಡುತ್ತಿವೆ. ಪಬ್ಲಿಕ್ ಅಂದರೆ ಯಾರು ಬೇಕಾದರೂ ನೋಡಬಹುದು. ಎಲ್ಲರಿಗೂ ಕಳಿಸಿ.’ ಇದಕ್ಕೆ ಉತ್ತರವಾಗಿ ಇನ್ನೊಬ್ಬರು ಹಾಕುತ್ತಾರೆ: ‘ಹಾಗೇನಿಲ್ಲ, ಎಲ್ಲವೂ ಪ್ರೈವೇಟ್ ನೆಟ್‌ವರ್ಕ್ ಒಳಗಿರುತ್ತದೆ, ಯಾರೂ ಮುಟ್ಟಲಾಗದು.’

ಎರಡೂ ಸರಿಯಲ್ಲ. ಮೊದಲನೆಯದು ಪದವನ್ನು ತಪ್ಪಾಗಿ ಓದಿದೆ. ಎರಡನೆಯದು ಅರ್ಧ ಸತ್ಯ, ಹಾಗಾಗಿ ಮೊದಲನೆಯದಕ್ಕಿಂತ ಹೆಚ್ಚು ಅಪಾಯದ್ದು.

ಪಬ್ಲಿಕ್ ಕ್ಲೌಡ್ ಎಂಬಲ್ಲಿನ ‘ಪಬ್ಲಿಕ್’, ಕಲ್ಯಾಣ ಮಂಟಪ ಸಾರ್ವಜನಿಕರಿಗೆ ಬಾಡಿಗೆಗೆ ಸಿಗುತ್ತದೆ ಎನ್ನುವ ಅರ್ಥದ್ದು. ಹಣ ಕಟ್ಟಿದ ಯಾರಿಗೂ ಸಿಗುತ್ತದೆ. ಹಾಗೆಂದು ನಿಮ್ಮ ಮನೆ ಮದುವೆಯ ದಿನ ಉಗ್ರಾಣದ ಕೋಣೆಗೆ ದಾರಿಹೋಕರೆಲ್ಲ ಬರುವಂತಿಲ್ಲ. ಆದರೆ ಉಗ್ರಾಣಕ್ಕೆ ಬೀಗ ಹಾಕುವುದು ಮಂಟಪದ ಮಾಲೀಕರ ಕೆಲಸವಲ್ಲ, ಬಾಡಿಗೆಗೆ ಪಡೆದವರದು. ಕ್ಲೌಡ್‌ನಲ್ಲೂ ಹಾಗೆಯೇ. ಆ ಬೀಗವನ್ನು ಎಲ್ಲಿ ಹಾಕುತ್ತಾರೆ, ಹೇಗೆ ಹಾಕುತ್ತಾರೆ, ಎಲ್ಲಿ ಮರೆಯುತ್ತಾರೆ ಎಂಬುದನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ಒಂದು ಲ್ಯಾಬ್‌ನ ಲೆಕ್ಕ

ಜಿಲ್ಲಾ ಕೇಂದ್ರವೊಂದರಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬ್ ಇದೆ ಎಂದುಕೊಳ್ಳಿ. ಬೆಳಿಗ್ಗೆ ರಕ್ತ ಕೊಟ್ಟು ಬರುತ್ತೀರಿ, ಸಂಜೆ ಮೊಬೈಲ್‌ಗೆ ಒಂದು ಲಿಂಕ್ ಬರುತ್ತದೆ, ಒತ್ತಿ ಒಟಿಪಿ ಕೊಟ್ಟರೆ ವರದಿ ತೆರೆಯುತ್ತದೆ. ಇದರ ಹಿಂದೆ ಮೂರು ಕೆಲಸಗಾರರಿದ್ದಾರೆ. ಬಾಗಿಲಲ್ಲಿ ನಿಂತು ಬಂದವರನ್ನು ಒಳಗಿನವರಿಗೆ ಹಂಚುವ ಲೋಡ್ ಬ್ಯಾಲೆನ್ಸರ್. ಒಟಿಪಿ ಪರೀಕ್ಷಿಸಿ ಪುಟ ಸಿದ್ಧಮಾಡುವ ಆ್ಯಪ್ ಸರ್ವರ್. ವರದಿಗಳೆಲ್ಲ ಕೂತಿರುವ ಡೇಟಾಬೇಸ್. ನಿಮ್ಮ ಫೋನ್ ಮಾತಾಡಬೇಕಾದದ್ದು ಮೊದಲನೆಯವನ ಜೊತೆ ಮಾತ್ರ. ಡೇಟಾಬೇಸ್ ಜೊತೆ ಆ್ಯಪ್ ಸರ್ವರ್ ಬಿಟ್ಟು ಬೇರೆ ಯಾರೂ ಮಾತಾಡುವ ಅಗತ್ಯವೇ ಇಲ್ಲ. ಇಡೀ ವಿನ್ಯಾಸ ಹುಟ್ಟುವುದು ಈ ಒಂದು ಮಾತಿನಿಂದ.

ಲ್ಯಾಬ್‌ನವರು ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನಲ್ಲಿ, ಮುಂಬೈ ವಿಭಾಗದಲ್ಲಿ ಜಾಗ ಪಡೆದಿದ್ದಾರೆ ಎಂದಿಟ್ಟುಕೊಳ್ಳೋಣ. ಅಲ್ಲಿ ಅವರು ಮೊದಲು ಮಾಡಬೇಕಾದದ್ದು ತಮ್ಮದೇ ಒಂದು ಖಾಸಗಿ ನೆಟ್‌ವರ್ಕ್ ಗುರುತು ಹಾಕಿಕೊಳ್ಳುವುದು. ಇದಕ್ಕೆ ವರ್ಚುವಲ್ ಪ್ರೈವೇಟ್ ಕ್ಲೌಡ್, ಚಿಕ್ಕದಾಗಿ ವಿಪಿಸಿ ಎನ್ನುತ್ತಾರೆ. ಎಡಬ್ಲ್ಯೂಎಸ್ ಇದನ್ನು 2009ರಲ್ಲಿ ತಂದಿತು. ಫೋನಿನಲ್ಲಿ ಹಾಕಿಕೊಳ್ಳುವ ವಿಪಿಎನ್ ಆ್ಯಪ್‌ಗೂ ಇದಕ್ಕೂ ಹೆಸರಿನ ಹೋಲಿಕೆ ಇದೆ, ಕೆಲಸ ಬೇರೆ. ವಿಪಿಎನ್ ಎಂಬುದು ಎರಡು ಕಡೆಗಳ ನಡುವಿನ ಸುರಂಗ. ವಿಪಿಸಿ ಎಂಬುದು ಬೇಲಿ ಹಾಕಿದ ಸೈಟು.

ಸೈಟು ಎಂದ ಮೇಲೆ ಮನೆ ನಂಬರು ಬೇಕು. ಖಾಸಗಿ ಬಳಕೆಗೆಂದೇ ಮೂರು ಗುಂಪಿನ ವಿಳಾಸಗಳನ್ನು 1996ರಿಂದ ಮೀಸಲಿಡಲಾಗಿದೆ: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು ಮತ್ತು 192.168ರವು. ನಿಮ್ಮ ಮನೆಯ ವೈಫೈನಲ್ಲಿ ಫೋನಿನ ವಿಳಾಸ ನೋಡಿ, ಬಹುತೇಕ 192.168 ಎಂದೇ ಇರುತ್ತದೆ. ಪಕ್ಕದ ಮನೆಯವರದ್ದೂ ಅದೇ ಇರಬಹುದು. ಹೊರಗಿನ ಇಂಟರ್‌ನೆಟ್‌ನಲ್ಲಿ ಈ ವಿಳಾಸಗಳಿಗೆ ದಾರಿಯೇ ಇಲ್ಲದ ಕಾರಣ ಗಲಿಬಿಲಿ ಆಗುವುದಿಲ್ಲ.

ನಮ್ಮ ಲ್ಯಾಬ್ `10.20.0.0/16` ಆರಿಸಿಕೊಂಡಿದೆ. ಕೊನೆಯ 16 ಎಂದರೆ ಮೊದಲ ಎರಡು ಅಂಕಿಗಳು ಬದಲಾಗುವುದಿಲ್ಲ, ಉಳಿದೆರಡು ನಮ್ಮ ಇಷ್ಟ ಎಂದು. ಒಟ್ಟು 65,536 ವಿಳಾಸ. ಒಂದು ಲ್ಯಾಬ್‌ಗೆ ಇಷ್ಟೇಕೆ ಎನ್ನಬೇಡಿ, ವಿಳಾಸಗಳಿಗೆ ಬಾಡಿಗೆ ಇಲ್ಲ. ಆದರೆ ಒಂದು ವಿಷಯದಲ್ಲಿ ಈಗಲೇ ಯೋಚಿಸಬೇಕು. ಮುಂದೆ ಲ್ಯಾಬ್‌ನ ಕಚೇರಿಯ ನೆಟ್‌ವರ್ಕನ್ನೋ ಇನ್ನೊಂದು ಶಾಖೆಯದ್ದನ್ನೋ ಇದಕ್ಕೆ ಜೋಡಿಸುವ ದಿನ ಬಂದರೆ, ಎರಡೂ ಕಡೆ ಒಂದೇ ನಂಬರು ಇರಬಾರದು. ಒಂದೇ ಬೀದಿಯಲ್ಲಿ ಎರಡು ‘12ನೇ ಮನೆ’ ಇದ್ದರೆ ಅಂಚೆಯವರು ಏನು ಮಾಡಬೇಕು? ವಿಪಿಸಿ ಕಟ್ಟುವಾಗ ಕೊಟ್ಟ ಈ ಮೊದಲ ವಿಳಾಸ ಗುಂಪನ್ನು ಆಮೇಲೆ ಬದಲಿಸಲು ಬರುವುದಿಲ್ಲ, ಹೊಸ ಗುಂಪು ಸೇರಿಸಬಹುದು ಅಷ್ಟೆ. ಎಲ್ಲರೂ ಮಾದರಿಯಲ್ಲಿ ಕಂಡ `10.0.0.0/16` ಅನ್ನೇ ನಕಲು ಮಾಡಿ ಮುಂದೆ ಪೇಚಾಡುವುದು ಇಲ್ಲೇ.

ಕೋಣೆಗಳನ್ನು ಹಂಚುವುದು

ಈಗ ಸೈಟಿನೊಳಗೆ ಕೋಣೆಗಳು. ಇವೇ ಸಬ್‌ನೆಟ್‌ಗಳು. ಒಂದು ಸಬ್‌ನೆಟ್ ಒಂದೇ ‘ಅವೈಲಬಿಲಿಟಿ ಝೋನ್’ ಒಳಗಿರುತ್ತದೆ. ಝೋನ್ ಎಂದರೆ ಬೇರೆ ವಿದ್ಯುತ್ ಸಂಪರ್ಕ, ಬೇರೆ ಕಟ್ಟಡವಿರುವ ಪ್ರತ್ಯೇಕ ತಾಣ. ಒಂದರಲ್ಲಿ ಕರೆಂಟು ಕೈಕೊಟ್ಟರೂ ಇನ್ನೊಂದು ನಡೆಯಲಿ ಎಂದು ಪ್ರತಿ ಬಗೆಯ ಕೋಣೆಯನ್ನೂ ಎರಡು ಝೋನ್‌ಗಳಲ್ಲಿ ಕಟ್ಟುತ್ತಾರೆ. ಈ ವಿಷಯದಲ್ಲಿ ಆಯ್ಕೆಯೂ ಕಡಿಮೆ: ಇಂಥ ವೆಬ್ ಕೆಲಸದ ಲೋಡ್ ಬ್ಯಾಲೆನ್ಸರ್ ಎರಡು ಝೋನ್‌ಗಳ ಸಬ್‌ನೆಟ್ ಕೇಳಿಯೇ ಕೇಳುತ್ತದೆ. ಹಾಗಾಗಿ ಲ್ಯಾಬ್‌ನ ನಕ್ಷೆ ಹೀಗಾಯಿತು:

```
                ap-south-1a      ap-south-1b
public          10.20.0.0/24     10.20.1.0/24
private (app)   10.20.10.0/24    10.20.11.0/24
private (db)    10.20.20.0/24    10.20.21.0/24
```

ಪ್ರತಿ ಕೋಣೆಗೂ 256 ವಿಳಾಸ. ಬಳಸಲು ಸಿಗುವುದು ಮಾತ್ರ 251. ಮೊದಲ ನಾಲ್ಕು ಮತ್ತು ಕೊನೆಯ ಒಂದನ್ನು ಎಡಬ್ಲ್ಯೂಎಸ್ ತನ್ನ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ. ನಂಬರುಗಳ ನಡುವೆ ಬೇಕೆಂದೇ ಜಾಗ ಬಿಟ್ಟಿರುವುದನ್ನು ಗಮನಿಸಿ. ನಾಳೆ ಮೂರನೇ ಝೋನ್ ಬೇಕಾದರೆ 2, 12, 22 ಕಾಯುತ್ತಿವೆ.

ಪಬ್ಲಿಕ್, ಪ್ರೈವೇಟ್ ಎಂದು ಬರೆದುಬಿಟ್ಟೆವು. ಆದರೆ ಇಲ್ಲಿಯವರೆಗೆ ಆರು ಕೋಣೆಗಳಲ್ಲೂ ಯಾವ ವ್ಯತ್ಯಾಸವೂ ಇಲ್ಲ. ಕೋಣೆಯ ಬಾಗಿಲಿಗೆ ‘ಪ್ರವೇಶವಿಲ್ಲ’ ಎಂದು ಬೋರ್ಡ್ ಹಾಕಿದ ಮಾತ್ರಕ್ಕೆ ಬೀಗ ಬೀಳುವುದಿಲ್ಲವಲ್ಲ, ಹಾಗೆ. ಸಬ್‌ನೆಟ್‌ನ ಹೆಸರು ಬರೀ ಹೆಸರು. ಅದು ಪಬ್ಲಿಕ್ಕೋ ಪ್ರೈವೇಟೋ ಎಂದು ತೀರ್ಮಾನಿಸುವುದು ರೂಟ್ ಟೇಬಲ್, ಅಂದರೆ ದಾರಿಪಟ್ಟಿ.

ಬೀಗ ಇರುವುದು ದಾರಿಪಟ್ಟಿಯಲ್ಲಿ

ಪ್ರತಿ ಸಬ್‌ನೆಟ್‌ಗೂ ಒಂದು ದಾರಿಪಟ್ಟಿ ಅಂಟಿಕೊಂಡಿರುತ್ತದೆ. ‘ಈ ವಿಳಾಸಕ್ಕೆ ಹೋಗಬೇಕಾದರೆ ಈ ಕಡೆ ಹೋಗು’ ಎಂಬ ಸಾಲುಗಳು ಅದರಲ್ಲಿ. ಲ್ಯಾಬ್‌ನ ಮೂರು ಬಗೆಯ ಕೋಣೆಗಳಿಗೆ ಮೂರು ಬಗೆಯ ಪಟ್ಟಿ:

```
public:
  10.20.0.0/16   local
  0.0.0.0/0      igw

private (app):
  10.20.0.0/16   local
  0.0.0.0/0      nat

private (db):
  10.20.0.0/16   local
```

ಮೊದಲ ಸಾಲು ಎಲ್ಲ ಕಡೆ ಒಂದೇ: ನಮ್ಮ ಸೈಟಿನೊಳಗಿನ ವಿಳಾಸವಾದರೆ ಒಳಗೇ ಹೋಗು. `0.0.0.0/0` ಎಂದರೆ ಉಳಿದ ಇಡೀ ಜಗತ್ತು. ಒಂದು ವಿಳಾಸಕ್ಕೆ ಎರಡೂ ಸಾಲು ಹೊಂದಿದರೆ ಹೆಚ್ಚು ನಿಖರವಾದದ್ದು ಗೆಲ್ಲುತ್ತದೆ, ಹಾಗಾಗಿ ಒಳಗಿನ ಮಾತು ಹೊರಗೆ ಹೋಗುವುದಿಲ್ಲ.

ಪಬ್ಲಿಕ್ ಕೋಣೆಯ ಎರಡನೇ ಸಾಲಿನಲ್ಲಿರುವ `igw` ಎಂದರೆ ಇಂಟರ್‌ನೆಟ್ ಗೇಟ್‌ವೇ, ಸೈಟಿನ ಮುಂಬಾಗಿಲು. ಈ ಒಂದು ಸಾಲು ಇದ್ದರೆ ಆ ಸಬ್‌ನೆಟ್ ಪಬ್ಲಿಕ್, ಇಲ್ಲದಿದ್ದರೆ ಪ್ರೈವೇಟ್. ಅಷ್ಟೇ ವ್ಯತ್ಯಾಸ. ಆದರೆ ಮುಂಬಾಗಿಲು ಬಳಸಲು ಸರ್ವರ್‌ಗೆ ಹೊರಗಿನವರಿಗೆ ಗೊತ್ತಾಗುವ ಒಂದು ಪಬ್ಲಿಕ್ ವಿಳಾಸವೂ ಬೇಕು. ಹೊಸಬರು ಪಬ್ಲಿಕ್ ಸಬ್‌ನೆಟ್‌ನಲ್ಲಿ ಸರ್ವರ್ ಇಟ್ಟು, ಪಬ್ಲಿಕ್ ವಿಳಾಸ ಕೊಡುವುದನ್ನು ಮರೆತು, ‘ಇಂಟರ್‌ನೆಟ್ಟೇ ಬರುತ್ತಿಲ್ಲ’ ಎಂದು ಗಂಟೆಗಟ್ಟಲೆ ಹುಡುಕುವುದುಂಟು. ದಾರಿ ಇದೆ, ಮನೆ ನಂಬರು ಇಲ್ಲ.

ಆ್ಯಪ್ ಸರ್ವರ್‌ನ ಸ್ಥಿತಿ ನಡುವಿನದು. ಅದರ ಬಳಿಗೆ ಹೊರಗಿನವರು ನೇರವಾಗಿ ಬರಬಾರದು. ಆದರೆ ಅದು ಹೊರಗೆ ಹೋಗಬೇಕು: ಒಟಿಪಿ ಕಳಿಸುವ ಎಸ್ಸೆಮ್ಮೆಸ್ ಕಂಪನಿಯನ್ನು ಕೂಗಬೇಕು, ಭದ್ರತಾ ಅಪ್‌ಡೇಟ್ ತರಬೇಕು. ಇದಕ್ಕಾಗಿ ನ್ಯಾಟ್ ಗೇಟ್‌ವೇ. ಹಳೆಯ ಮನೆಗಳಲ್ಲಿ ಹಿರಿಯರು ಅಂಗಡಿಗೆ ಹುಡುಗನನ್ನು ಕಳಿಸುತ್ತಿದ್ದರಲ್ಲ, ಅದೇ ಕೆಲಸ ಇದರದ್ದು. ಆ್ಯಪ್ ಸರ್ವರ್ ಕೇಳಿದ್ದನ್ನು ನ್ಯಾಟ್ ತನ್ನ ಹೆಸರಿನಲ್ಲಿ ಹೊರಗೆ ಕೇಳಿ, ಬಂದ ಉತ್ತರವನ್ನು ಒಳಗೆ ತಲುಪಿಸುತ್ತದೆ. ಹೊರಗಿನವರಿಗೆ ಕಾಣುವುದು ನ್ಯಾಟ್‌ನ ವಿಳಾಸ ಮಾತ್ರ. ಒಳಗಿನಿಂದ ಯಾರೂ ಕೇಳದೆ ಹೊರಗಿನಿಂದ ತಾನಾಗಿ ಬಂದ ಮಾತಿಗೆ ಅದು ಬಾಗಿಲು ತೆರೆಯುವುದಿಲ್ಲ.

ಇಲ್ಲೊಂದು ಪ್ರಸಿದ್ಧ ತಪ್ಪಿದೆ. ನ್ಯಾಟ್ ಬೇಕಿರುವುದು ಪ್ರೈವೇಟ್ ಸಬ್‌ನೆಟ್‌ಗೆ, ಹಾಗಾಗಿ ಅದನ್ನು ಪ್ರೈವೇಟ್ ಸಬ್‌ನೆಟ್‌ನಲ್ಲೇ ಇಡುತ್ತಾರೆ. ಅಂಗಡಿಗೆ ಹೋಗಬೇಕಾದ ಹುಡುಗನನ್ನೇ ಬಾಗಿಲಿಲ್ಲದ ಕೋಣೆಯಲ್ಲಿ ಕೂಡಿಹಾಕಿದಂತೆ. ನ್ಯಾಟ್ ಕೂರಬೇಕಾದದ್ದು ಪಬ್ಲಿಕ್ ಸಬ್‌ನೆಟ್‌ನಲ್ಲಿ. ಕಿರಿಕಿರಿ ಎಂದರೆ, ತಪ್ಪು ಜಾಗದಲ್ಲಿಟ್ಟರೂ ಪರದೆಯ ಮೇಲೆ ಅದು `Available` ಎಂದೇ ತೋರಿಸಬಹುದು. ಎಲ್ಲವೂ ಹಸಿರು, ಆದರೂ ಒಟಿಪಿ ಹೋಗುವುದಿಲ್ಲ.

ಡೇಟಾಬೇಸ್‌ನ ಪಟ್ಟಿ ನೋಡಿ, ಅದಕ್ಕೆ ಜಗತ್ತಿನ ಸಾಲೇ ಇಲ್ಲ. ಬರುವ ದಾರಿಯೂ ಇಲ್ಲ, ಹೋಗುವ ದಾರಿಯೂ ಇಲ್ಲ. ನ್ಯಾಟ್ ಒಂದಿದ್ದರೆ ಸಾಕು ಎಂದು ಡೇಟಾಬೇಸ್‌ಗೂ ಅದೇ ಪಟ್ಟಿ ಅಂಟಿಸುವವರು ಬಹಳ. ಕೆಲಸವೇನೋ ನಡೆಯುತ್ತದೆ. ಆದರೆ ನನ್ನ ಅಭಿಪ್ರಾಯದಲ್ಲಿ ಅದು ಸೋಮಾರಿತನ. ಕಳ್ಳ ಹೇಗೋ ಒಳಗೆ ಬಂದ ಮೇಲೆ ಕದ್ದದ್ದನ್ನು ಸಾಗಿಸುವುದು ಹೊರಗೆ ಹೋಗುವ ದಾರಿಯಿಂದಲೇ. ಆ ದಾರಿ ಬೇಡದ ಕಡೆ ಅದನ್ನು ಇಡುವುದೇಕೆ?

ದಾರಿ ಇದ್ದರೂ ಕಾವಲುಗಾರ ಬೇಕು

ಮೊದಲ ಸಾಲಿನಿಂದಾಗಿ ಸೈಟಿನೊಳಗೆ ಎಲ್ಲರಿಗೂ ಎಲ್ಲರ ಕಡೆಗೆ ದಾರಿ ಇದೆ. ಬಾಗಿಲ ಬಳಿಯ ಲೋಡ್ ಬ್ಯಾಲೆನ್ಸರ್‌ಗೂ ಡೇಟಾಬೇಸ್‌ಗೆ ದಾರಿ ಇದೆ. ಹಾಗಾಗಿ ಪ್ರತಿಯೊಂದರ ಮುಂದೆಯೂ ಒಬ್ಬ ಕಾವಲುಗಾರ, ಅದರ ಹೆಸರು ಸೆಕ್ಯುರಿಟಿ ಗ್ರೂಪ್. ಲ್ಯಾಬ್‌ನಲ್ಲಿ ಮೂವರು:

```
alb-sg : 443   from 0.0.0.0/0
app-sg : 8080  from alb-sg
db-sg  : 5432  from app-sg
```

ಓದುವುದು ಸುಲಭ. ಲೋಡ್ ಬ್ಯಾಲೆನ್ಸರ್‌ನ 443ನೇ ಬಾಗಿಲಿಗೆ, ಅಂದರೆ ಎಚ್‌ಟಿಟಿಪಿಎಸ್‌ಗೆ, ಯಾರು ಬೇಕಾದರೂ ಬರಬಹುದು. ಆ್ಯಪ್ ಸರ್ವರ್‌ನ 8080ಕ್ಕೆ ಲೋಡ್ ಬ್ಯಾಲೆನ್ಸರ್ ಮಾತ್ರ. ಡೇಟಾಬೇಸ್‌ನ 5432ಕ್ಕೆ ಆ್ಯಪ್ ಸರ್ವರ್ ಮಾತ್ರ. ಕೊನೆಯ ಎರಡು ಸಾಲುಗಳಲ್ಲಿ ವಿಳಾಸದ ಬದಲು ಇನ್ನೊಂದು ಗುಂಪಿನ ಹೆಸರಿದೆ. ನಾಳೆ ಆ್ಯಪ್ ಸರ್ವರ್ ಎರಡರಿಂದ ಹತ್ತಾದರೂ ನಿಯಮ ತಿದ್ದಬೇಕಿಲ್ಲ, `app-sg` ಗುರುತು ಇದ್ದವರೆಲ್ಲ ಒಳಗೆ. ಈ ಕಾವಲುಗಾರನಿಗೆ ನೆನಪಿನ ಶಕ್ತಿ ಇದೆ. ಒಳಗೆ ಬಿಟ್ಟ ಪ್ರಶ್ನೆಗೆ ಹೋಗುವ ಉತ್ತರವನ್ನು ಅವನು ಮತ್ತೆ ತಡೆಯುವುದಿಲ್ಲ.

ಸಬ್‌ನೆಟ್‌ನ ಗಡಿಯಲ್ಲಿ ನೆಟ್‌ವರ್ಕ್ ಎಸಿಎಲ್ ಎಂಬ ಇನ್ನೊಬ್ಬ ಕಾವಲುಗಾರನೂ ಇದ್ದಾನೆ, ಅವನಿಗೆ ನೆನಪೇ ಇಲ್ಲ. ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಚೀಟಿ ತೋರಿಸಬೇಕು. ಚಿಕ್ಕ ವ್ಯವಸ್ಥೆಯಲ್ಲಿ ಅವನನ್ನು ಮೊದಲಿದ್ದ ಹಾಗೆಯೇ ಬಿಡುವುದು ಮೇಲು.

ಒಂದು ಸಂಜೆ ನಡೆಯುವ ಅನಾಹುತ

ಬಹುತೇಕ ಸೋರಿಕೆಗಳ ಹಿಂದೆ ಸಿನಿಮಾ ಶೈಲಿಯ ಹ್ಯಾಕರ್ ಇರುವುದಿಲ್ಲ. ಹೀಗಿರುತ್ತದೆ: ಲ್ಯಾಬ್‌ನ ಸಾಫ್ಟ್‌ವೇರ್ ನೋಡಿಕೊಳ್ಳುವ ಹುಡುಗನಿಗೆ ಶನಿವಾರ ಸಂಜೆ ಮನೆಯಿಂದ ಡೇಟಾಬೇಸ್ ನೋಡಬೇಕಾಗುತ್ತದೆ. ಪ್ರೈವೇಟ್ ಸಬ್‌ನೆಟ್ ಆದ್ದರಿಂದ ಸಿಗುವುದಿಲ್ಲ. ‘ಐದು ನಿಮಿಷದ ಕೆಲಸ’ ಎಂದು ಡೇಟಾಬೇಸನ್ನು `Publicly accessible: Yes` ಮಾಡುತ್ತಾನೆ, ಅದರ ದಾರಿಪಟ್ಟಿಗೆ ಮುಂಬಾಗಿಲಿನ ಸಾಲು ಸೇರಿಸುತ್ತಾನೆ, ಕಾವಲುಗಾರನಿಗೆ `5432 from 0.0.0.0/0` ಎಂದು ಹೇಳುತ್ತಾನೆ. ಕೆಲಸ ಮುಗಿಯುತ್ತದೆ. ಹಿಂದಕ್ಕೆ ತಿರುಗಿಸುವುದು ಮರೆತುಹೋಗುತ್ತದೆ. ಇಂಟರ್‌ನೆಟ್‌ನ ವಿಳಾಸಗಳನ್ನೆಲ್ಲ ಒಂದೊಂದಾಗಿ ತಟ್ಟಿ ನೋಡುವ ಯಂತ್ರಗಳು ಹಗಲಿರುಳು ಓಡುತ್ತಿರುತ್ತವೆ, ತೆರೆದ ಬಾಗಿಲು ಕಣ್ಣಿಗೆ ಬೀಳಲು ಹೆಚ್ಚು ಹೊತ್ತು ಬೇಡ. ಸಬ್‌ನೆಟ್‌ನ ಹೆಸರು ಮಾತ್ರ ಇನ್ನೂ ‘ಪ್ರೈವೇಟ್’ ಎಂದೇ ಇರುತ್ತದೆ!

ಅವನು ಮಾಡಬೇಕಿದ್ದದ್ದು ಬೇರೆ. ಎಡಬ್ಲ್ಯೂಎಸ್‌ನ ಸೆಷನ್ ಮ್ಯಾನೇಜರ್ ಮೂಲಕ ಆ್ಯಪ್ ಸರ್ವರ್‌ಗೆ ಹೋಗಿ ಅಲ್ಲಿಂದ ಡೇಟಾಬೇಸ್ ನೋಡಬಹುದು. ಇದಕ್ಕೆ ಹೊರಗಿನಿಂದ ಒಳಗೆ ಯಾವ ಬಾಗಿಲೂ ತೆರೆಯಬೇಕಿಲ್ಲ, ಸರ್ವರ್ ತಾನೇ ನ್ಯಾಟ್ ಮೂಲಕ ಹೊರಗೆ ಹೋಗಿ ಸಂಪರ್ಕ ಹಿಡಿದಿಟ್ಟಿರುತ್ತದೆ. ಯಾರು ಯಾವಾಗ ಬಂದರು ಎಂಬ ದಾಖಲೆಯೂ ಉಳಿಯುತ್ತದೆ.

ಇನ್ನೊಂದು ಮಾತು. ವಿಪಿಸಿ ಕಟ್ಟುವ ಗೋಜಿಗೇ ಹೋಗದೆ ಸೀದಾ ಸರ್ವರ್ ಶುರುಮಾಡಿದರೆ ಎಡಬ್ಲ್ಯೂಎಸ್ ಅದನ್ನು ಮೊದಲೇ ಸಿದ್ಧವಿರುವ ‘ಡೀಫಾಲ್ಟ್’ ವಿಪಿಸಿಯಲ್ಲಿ ಇಡುತ್ತದೆ. ಅಲ್ಲಿ ಸಿದ್ಧವಾಗಿ ಬರುವ ಸಬ್‌ನೆಟ್‌ಗಳೆಲ್ಲವೂ ಪಬ್ಲಿಕ್. ಕಲಿಯಲು ಅನುಕೂಲ, ರಕ್ತಪರೀಕ್ಷೆಯ ವರದಿ ಇಡಲು ಅಲ್ಲ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಹೆಸರು ನೋಡಬೇಡಿ, ತಟ್ಟಿ ನೋಡಿ. ಇದು ಅಂಥ ವ್ಯವಸ್ಥೆ ನೋಡಿಕೊಳ್ಳುವವರಿಗೆ ಹೇಳುವ ಮಾತು. ಬೇರೆಯವರ ಸರ್ವರ್‌ಗಳ ಮೇಲೆ ಪ್ರಯೋಗಿಸಬೇಡಿ, ಅದು ಕಾನೂನಿನ ತೊಂದರೆಗೆ ದಾರಿ. ಡೇಟಾಬೇಸ್‌ನ ವಿಳಾಸ 10.20.20.15 ಎಂದಾದರೆ, ಆ್ಯಪ್ ಸರ್ವರ್ ಒಳಗಿನಿಂದ ಹೀಗೆ:

```
nc -vz -w 5 10.20.20.15 5432
```

ಇಲ್ಲಿ ಮೂರು ಉತ್ತರ ಸಾಧ್ಯ. `succeeded` ಅಥವಾ `open` ಎಂದು ಬಂದರೆ ದಾರಿಯೂ ಇದೆ, ಕಾವಲುಗಾರನೂ ಬಿಟ್ಟಿದ್ದಾನೆ. `refused` ಎಂದರೆ ಸಾಮಾನ್ಯವಾಗಿ ಬಾಗಿಲವರೆಗೆ ಹೋಗಿದ್ದೇವೆ, ಆದರೆ ಒಳಗೆ ಯಾರೂ ಇಲ್ಲ: ಡೇಟಾಬೇಸ್ ನಿಂತಿದೆ ಅಥವಾ ಬಾಗಿಲ ನಂಬರು ತಪ್ಪು. ಏನೂ ಹೇಳದೆ ಐದು ಸೆಕೆಂಡು ಕಾದು `timed out` ಎಂದರೆ ಮಾತು ದಾರಿಯಲ್ಲೇ ಕಳೆದುಹೋಗಿದೆ. ಕಾರಣ ದಾರಿಪಟ್ಟಿ ಇಲ್ಲವೇ ಸೆಕ್ಯುರಿಟಿ ಗ್ರೂಪ್, ಏಕೆಂದರೆ ಈ ಕಾವಲುಗಾರ ಬೇಡದವರಿಗೆ ‘ಇಲ್ಲ’ ಎಂದೂ ಹೇಳದೆ ಸುಮ್ಮನಿರುತ್ತಾನೆ. ಈ ಮೂರನ್ನು ಬೇರೆ ಮಾಡಿಕೊಂಡರೆ ಅರ್ಧ ಹುಡುಕಾಟ ಮುಗಿದಂತೆ.

ಈಗ ಮನೆಯ ಲ್ಯಾಪ್‌ಟಾಪ್‌ನಿಂದ, ಲ್ಯಾಬ್‌ನ ಡೇಟಾಬೇಸ್‌ನ ಹೆಸರಿಗೆ ಯಾವ ವಿಳಾಸ ಬರುತ್ತದೆ ಎಂದು `nslookup` ಮೂಲಕ ಕೇಳಿ. 10.20.20.15 ಎಂದೇ ಬಂದರೆ ಗಾಬರಿ ಬೇಡ. ಹೆಸರು ಗೊತ್ತಾದರೂ ಮನೆಯಿಂದ ಆ 10.20ಕ್ಕೆ ದಾರಿ ಇಲ್ಲ. 10, 172.16-31, 192.168 ಈ ಮೂರು ಗುಂಪಿಗೆ ಸೇರದ ವಿಳಾಸ ಬಂದರೆ ಮಾತ್ರ ಎದ್ದು ಕುಳಿತುಕೊಳ್ಳಬೇಕು. ಆ ಡೇಟಾಬೇಸ್‌ಗೆ ಪಬ್ಲಿಕ್ ವಿಳಾಸ ಇದೆ ಎಂದರ್ಥ.

ಹಾಗಾದರೆ ಪ್ರೈವೇಟ್ ಸಬ್‌ನೆಟ್ ಇದ್ದರೆ ನಿಶ್ಚಿಂತೆಯೇ?

ಇಲ್ಲ. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ 2019ರಲ್ಲಿ ನಡೆದದ್ದು ನೋಡಿ. ಅಮೆರಿಕದ ಸುಮಾರು 10 ಕೋಟಿ ಮತ್ತು ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಕಳ್ಳತನವಾಯಿತು. ಬ್ಯಾಂಕು ಇದ್ದದ್ದು ಎಡಬ್ಲ್ಯೂಎಸ್‌ನಲ್ಲಿ. ತಪ್ಪಾಗಿ ಹೊಂದಿಸಿದ್ದ ಒಂದು ಫೈರ್‌ವಾಲ್ ಸರ್ವರನ್ನು ಹೊರಗಿನಿಂದ ಪುಸಲಾಯಿಸಿ, ಆ ಸರ್ವರ್‌ಗೆ ಕೊಟ್ಟಿದ್ದ ಅನುಮತಿಯ ಕೀಲಿ ಪಡೆದು, ಅದರಿಂದ ಎಸ್3 ಎಂಬ ಫೈಲ್ ಸಂಗ್ರಹದಲ್ಲಿದ್ದ ದಾಖಲೆಗಳನ್ನು ಹೊರಗೆ ಎಳೆಯಲಾಯಿತು. ಎಸ್3 ಯಾರ ಸಬ್‌ನೆಟ್‌ನ ಒಳಗೂ ಇರುವುದಿಲ್ಲ. ಅಲ್ಲಿ ಬೀಗ ಎಂದರೆ ಯಾರಿಗೆ ಯಾವ ಅನುಮತಿ ಎಂಬ ಪಟ್ಟಿ. ದಾರಿಪಟ್ಟಿ ಎಷ್ಟು ಚೆನ್ನಾಗಿದ್ದರೂ ಆ ಸರ್ವರ್‌ಗೆ ಬೇಕಾದ್ದಕ್ಕಿಂತ ದೊಡ್ಡ ಕೀಲಿಗೊಂಚಲು ಕೊಟ್ಟಿದ್ದರೆ ಸಬ್‌ನೆಟ್ ಏನೂ ಮಾಡಲಾರದು.

ನಮ್ಮ ಲ್ಯಾಬ್‌ನಲ್ಲೂ ಹೀಗೆಯೇ. ವರದಿಯ ಲಿಂಕಿನ ಕೊನೆಯಲ್ಲಿ ರಿಪೋರ್ಟ್ ನಂಬರ್ 4512 ಎಂದಿದ್ದು, ಅದನ್ನು 4513 ಮಾಡಿದರೆ ಒಟಿಪಿ ಕೇಳದೆ ಇನ್ನೊಬ್ಬರ ವರದಿ ತೆರೆದರೆ, ಅದು ಮುಂಬಾಗಿಲಿನಿಂದಲೇ ನಡೆದ ಸೋರಿಕೆ. ಲೋಡ್ ಬ್ಯಾಲೆನ್ಸರ್, ಆ್ಯಪ್ ಸರ್ವರ್, ಡೇಟಾಬೇಸ್ ಮೂರೂ ತಮಗೆ ಹೇಳಿದ ಕೆಲಸವನ್ನೇ ಮಾಡಿರುತ್ತವೆ. ನೆಟ್‌ವರ್ಕ್ ವಿನ್ಯಾಸ ತಡೆಯುವುದು ಮುಂಬಾಗಿಲು ಬಿಟ್ಟು ಬೇರೆ ಕಡೆಯಿಂದ ಬರುವವರನ್ನು ಮಾತ್ರ.

ಹಾಗಾಗಿ ಗ್ರೂಪ್‌ನಲ್ಲಿ ಆ ಫಾರ್ವರ್ಡ್ ಮತ್ತೆ ಬಂದರೆ ಹೀಗೆ ಉತ್ತರಿಸಬಹುದು: ಪಬ್ಲಿಕ್ ಕ್ಲೌಡ್ ಎಂದರೆ ಎಲ್ಲರಿಗೂ ಕಾಣುವ ಜಾಗ ಎಂಬುದು ಸುಳ್ಳು. ಪ್ರೈವೇಟ್ ಸಬ್‌ನೆಟ್ ಎಂದ ಮೇಲೆ ಯಾರೂ ಮುಟ್ಟಲಾರರು ಎಂಬುದೂ ಸುಳ್ಳು. ನಿಮಗೆ ಬಂದ ವರದಿಯ ಲಿಂಕು ಒಟಿಪಿ, ಪಾಸ್‌ವರ್ಡ್ ಏನನ್ನೂ ಕೇಳದೆ ತೆರೆದುಕೊಂಡರೆ ಲ್ಯಾಬ್‌ಗೆ ಫೋನ್ ಮಾಡಿ ಕೇಳಿ. ಮತ್ತು ಆ ಲಿಂಕನ್ನು ಫ್ಯಾಮಿಲಿ ಗ್ರೂಪ್‌ಗೆ ಹಾಕಬೇಡಿ.